ಭಾವನವರ ಕ್ರಿಯಾಟಿನಿನ್

ಆ ಕಿಡ್ನಿ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ರಕ್ತಪರೀಕ್ಷೆಯ ರಿಪೋರ್ಟುಗಳನ್ನು ಟೈಪು ಮಾಡುತ್ತಿದ್ದ ಹೆಂಗಸಿಗೆ ಗೆರೆಯಮ್ಮ ಎಂದು ಹೆಸರು ಬಿದ್ದಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. "ಒಂದು ಪರೀಕ್ಷೆ, ಒಂದು ಗೆರೆ" ಎಂದು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದರಿಂದ ಬಂದ ಹೆಸರು ಅದು. ಇಟ್ಟವರು ಗೇಲಿಗೆ ಇಟ್ಟಿದ್ದರು, ಅವಳು ಬಿರುದಿನಂತೆ ಹೊತ್ತುಕೊಂಡಳು.

ಕೆಲಸ ಕೇಳಲಿಕ್ಕೆ ಸುಲಭ. ರೋಗಿಗಳು ತಮ್ಮ ಮನೆಯ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟು, ರಿಪೋರ್ಟಿನ ಫೋಟೋ ತೆಗೆದು ಕ್ಲಿನಿಕ್ಕಿನ ಫೋನಿಗೆ ಕಳಿಸಬೇಕು. ಅವಳು ಅದನ್ನು ನೋಡಿ ಡಾಕ್ಟರ ಪಟ್ಟಿಗೆ ಏರಿಸಬೇಕು. ಆದರೆ ಬರುತ್ತಿದ್ದ ಫೋಟೋಗಳ ಚಂದ ನೋಡಬೇಕಿತ್ತು. ಮೊಣಕಾಲ ಮೇಲೆ ಇಟ್ಟುಕೊಂಡು ತೆಗೆದವು, ಓಡುವ ಬಸ್ಸಿನಲ್ಲಿ ತೆಗೆದವು, ನಾಲ್ಕು ಮಡಿಕೆ ಬಿದ್ದು ಅಂಗಿಯ ಜೇಬಿನ ಬೆವರು ಕುಡಿದವು, ಅರ್ಧ ಕಾಗದ ಅರ್ಧ ಹೆಬ್ಬೆರಳು ಇದ್ದವು. ಕಾಗದ ಓರೆಯಾದರೆ ಸಾಲುಗಳೂ ಓರೆ. ಎಡಗಡೆಯ ಸೋಡಿಯಂ ಬಲಗಡೆಗೆ ಹೋಗುವಷ್ಟರಲ್ಲಿ ಪೊಟ್ಯಾಸಿಯಂನ ಮನೆಗೆ ನುಗ್ಗಿರುತ್ತಿತ್ತು. ಗೆರೆಯಮ್ಮ ಒಂದು ದಪ್ಪ ಕಾರ್ಡನ್ನು ಪರದೆಗೆ ಒತ್ತಿ ಹಿಡಿದು, ಪರೀಕ್ಷೆಯ ಹೆಸರು, ಬಂದ ಅಂಕಿ, ಅದರ ಅಳತೆ, ಪಕ್ಕದಲ್ಲಿ ಆ ಲ್ಯಾಬು ಹಾಕಿದ ಸಹಜ ಮಿತಿ, ಈ ನಾಲ್ಕನ್ನೂ ಒಂದೇ ಗೆರೆಗೆ ತರುತ್ತಿದ್ದಳು. ಆಮೇಲೆಯೇ ಮುಂದಿನ ಗೆರೆ. ಅಳತೆ ಯಾಕೆ, ಮಿತಿ ಯಾಕೆ ಎಂದು ಹೊಸಬರು ಕೇಳಿದರೆ ಅವಳಲ್ಲಿ ಸಿದ್ಧ ಉತ್ತರವಿತ್ತು: "ಒಂದು ಲ್ಯಾಬು ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೊರಹಾಕಬೇಕಾದ ಕಸ, ಒಂದು ಅಂತ ಬರೆಯುತ್ತೆ, ಇನ್ನೊಂದು ಎಂಬತ್ತೆಂಟು ಅಂತ ಬರೆಯುತ್ತೆ. ಅದು ಮಿಲಿಗ್ರಾಂ, ಇದು ಮೈಕ್ರೋಮೋಲ್. ಕಿಡ್ನಿ ಒಂದೇ, ಮಾತು ಬೇರೆ. ಅಳತೆ ಬಿಟ್ಟು ಬರೀ ಅಂಕಿ ಬರೆದ್ರೆ ಗಟ್ಟಿಮುಟ್ಟಾಗಿರೋನನ್ನ ನೀನೇ ಸಾಯಿಸಿಬಿಡ್ತೀಯ."

ಇಂಥ ಕಡೆಗೆ ಸುಧಾರಕ ಬಂದ.

ಅವನ ಹುದ್ದೆಯ ಹೆಸರು ಆರು ಪದ ಉದ್ದವಿತ್ತು. ಅಷ್ಟನ್ನು ಹೇಳುವ ಪುರುಸೊತ್ತಿಲ್ಲದೆ ನರ್ಸುಗಳು ಸುಧಾರಕ ಎಂದು ಕತ್ತರಿಸಿದ್ದರು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದಂತೆ ಅವನು ಮೊದಲ ವಾರ ಕುರ್ಚಿಗಳ ದಿಕ್ಕು ಬದಲಿಸಿದ, ಎರಡನೆಯ ವಾರ ನೀರಿನ ಲೋಟಗಳಿಗೆ ಸಂಖ್ಯೆ ಹಾಕಿಸಿದ, ಮೂರನೆಯ ವಾರ ಫೋಟೋ ಓದುವ ತಂತ್ರಾಂಶ ತಂದ. ಮೀಟಿಂಗಿನಲ್ಲಿ ಗೋಡೆಯ ಮೇಲೆ ಚಿತ್ರ ಹಾಕಿ ತೋರಿಸಿದ. ಒಂದು ಫೋಟೋ ಒಳಗೆ ಹೋಯಿತು, ಕಣ್ಣು ಮಿಟುಕಿಸುವುದರಲ್ಲಿ ಪಟ್ಟಿ ಹೊರಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಡಾಕ್ಟರೂ ತಟ್ಟಿದರು. ಅವರಿಗೆ ಅಂದು ಊಟಕ್ಕೆ ತಡವಾಗಿತ್ತು.

ಪಟ್ಟಿಯಲ್ಲಿ ಎರಡೇ ಕಾಲಮ್ಮು ಇದ್ದವು. ಪರೀಕ್ಷೆಯ ಹೆಸರು, ಅಂಕಿ.

"ಅಳತೆ ಎಲ್ಲಿ? ಮಿತಿ ಎಲ್ಲಿ?" ಎಂದು ಗೆರೆಯಮ್ಮ ಹಿಂದಿನ ಸಾಲಿನಿಂದ ಕೇಳಿದಳು.

"ಅದೆಲ್ಲ ಗಲೀಜು ಮೇಡಂ," ಎಂದ ಸುಧಾರಕ ನಗುತ್ತ. "ಡಾಕ್ಟರ ಕಣ್ಣಿಗೆ ಶುಚಿಯಾದ ಪಟ್ಟಿ ಬೇಕು. ಸಹಜ ಮಿತಿ ಎಷ್ಟು ಅನ್ನೋದು ಯಂತ್ರಕ್ಕೇ ಗೊತ್ತಿದೆ."

"ಎಲ್ಲಾ ಗೊತ್ತಿರೋರ ಹತ್ರ ನನಗೆ ಮೊದಲಿಂದ್ಲೂ ಭಯ," ಎಂದಳು ಗೆರೆಯಮ್ಮ.

ಮರುದಿನವೇ ಅವಳನ್ನು ಟೋಕನ್ ಕೌಂಟರಿಗೆ ಹಾಕಿದರು. ಹನ್ನೊಂದು ವರ್ಷ ಸಾಲು ಹಿಡಿದ ಬೆರಳಿನಲ್ಲಿ ಈಗ ಚೀಟಿ ಹರಿದು ಕೊಡಬೇಕು. "ಇದು ಬಡ್ತಿ ಅಂತಾನೇ ತಿಳ್ಕೊಳ್ಳಿ, ಜನಸಂಪರ್ಕ!" ಎಂದ ಸುಧಾರಕ. ಆಗಲಿ ಎಂದು ಅವಳು ಕೂತಳು. ಕ್ಲಿನಿಕ್ಕಿನ ಫೋನು ಚಾರ್ಜಿಗೆ ಸಿಕ್ಕಿಸುವ ಜಾಗ ಆ ಕೌಂಟರಿನಲ್ಲೇ ಇದ್ದದ್ದರಿಂದ, ಬರುವ ಫೋಟೋಗಳೆಲ್ಲ ಅವಳ ಮೊಣಕೈಯ ಪಕ್ಕದಲ್ಲೇ ಟಿಂಗ್ ಎನ್ನುತ್ತ ಬಿದ್ದು, ತಾವಾಗಿ ತಂತ್ರಾಂಶಕ್ಕೆ ಹೋಗುತ್ತಿದ್ದವು. ಅದನ್ನು ಅವಳು ನೋಡಬೇಕಾಗಿರಲಿಲ್ಲ, ನೋಡುತ್ತಲೂ ಇರಲಿಲ್ಲ. ಬೇಡವೆಂದವರ ಮನೆಯ ಒಲೆಗೆ ಊದುವ ಅಭ್ಯಾಸ ಅವಳಿಗಿರಲಿಲ್ಲ.

ಇದೆಲ್ಲ ಅವಳ ಭಾವನವರಿಗೆ ಬಹಳ ಸಂತೋಷ ಕೊಟ್ಟಿತು.

ಭಾವನವರೆಂದರೆ ಗಂಡನ ಅಣ್ಣ. ಶಾಲೆಗಳ ತನಿಖಾಧಿಕಾರಿಯಾಗಿ ನಿವೃತ್ತರಾದವರು. ಮೂವತ್ತು ವರ್ಷ ಹಾಜರಿ ಪುಸ್ತಕಗಳಲ್ಲಿ ತಪ್ಪು ಹುಡುಕಿ ಹುಡುಕಿ, ನಿವೃತ್ತಿಯ ನಂತರ ಮನೆಯವರ ಮುಖಗಳಲ್ಲಿ ಹುಡುಕುತ್ತಿದ್ದರು. ತಮ್ಮನ ಹೆಂಡತಿಯ ಕೆಲಸದ ಬಗ್ಗೆ ಅವರಿಗೆ ಒಂದೇ ಅಭಿಪ್ರಾಯ. "ನೋಡಿ ಬರೆಯೋದು. ಅದನ್ನ ನಮ್ಮಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳು ಮಾಡ್ತಿದ್ರು. ಒಳ್ಳೇದೇ ಆಯ್ತು, ಯಂತ್ರ ಬಂತು. ಯಂತ್ರಕ್ಕೆ ಹೊಟ್ಟೆಕಿಚ್ಚಿಲ್ಲ, ಮೈಗಳ್ಳತನ ಇಲ್ಲ." ಹೀಗೆಂದು ಅವರು ಆ ಯಂತ್ರವನ್ನು ತಾವೇ ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಹೊರಟರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕಾಯಿಲೆಗಳೂ ಆಳು ನೋಡಿ ಬರುತ್ತವೆ. ಆದರೂ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ರಿಪೋರ್ಟಿನ ಫೋಟೋ ತೆಗೆದು, ಕ್ಲಿನಿಕ್ಕಿಗೆ ಕಳಿಸಿ, ಫೋನು ಹಿಡಿದು ಕಾದು ಕುಳಿತರು.

ಉತ್ತರ ಹತ್ತು ನಿಮಿಷದಲ್ಲಿ ಬಂತು. ಕ್ರಿಯಾಟಿನಿನ್ 5.1, ಅತಿ ಹೆಚ್ಚು, ತಕ್ಷಣ ವೈದ್ಯರನ್ನು ಕಾಣಿ.

ಸಂಜೆ ಐದಕ್ಕೆ ಮನೆಯವರೆಲ್ಲ ಬರಬೇಕೆಂದು ಅಪ್ಪಣೆಯಾಯಿತು. ಗೆರೆಯಮ್ಮ ಗಂಡನ ಜೊತೆ ಹೋದಾಗ ಭಾವನವರು ಎತ್ತರದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಸೆಖೆ ಇತ್ತು, ಆದರೂ ಶಾಲು ಇತ್ತು. ಪಕ್ಕದ ಮೇಜಿನ ಮೇಲೆ ಫೈಲು, ಪೆನ್ನು, ಒಂದು ಲೋಟ ನೀರು. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ವಾರಗಿತ್ತಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಬಂದ್ರಾ," ಎಂದರು ಭಾವನವರು, ದನಿಯನ್ನು ಬೇಕೆಂದೇ ಸಣ್ಣದು ಮಾಡಿ. "ಕೂತ್ಕೊಳ್ಳಿ. ನನಗೇನೂ ಬೇಜಾರಿಲ್ಲ. ತುಂಬು ಜೀವನ ಆಯ್ತು. ನನ್ನ ಕೈಯಲ್ಲಿ ಎಷ್ಟು ಜನ ಮೇಷ್ಟ್ರು ತಿದ್ದಿಕೊಂಡ್ರು, ಅದು ಸಾಕು."

"ಏನಾಯ್ತಣ್ಣ?" ಎಂದ ತಮ್ಮ, ಗಾಬರಿಯಿಂದ.

"ಎರಡೂ ಕಿಡ್ನಿ ಹೋಯ್ತು ಕಣೋ. ಐದು ಪಾಯಿಂಟ್ ಒಂದು. ಇಂಟರ್ನೆಟ್ಟಲ್ಲಿ ನೋಡ್ದೆ, ಒಂದು ಪಾಯಿಂಟ್ ಮೂರು ದಾಟಬಾರ್ದು." ಎಲ್ಲರೂ ಆ ಸಂಖ್ಯೆಯ ಘನತೆಯನ್ನು ಅನುಭವಿಸಲೆಂದು ಫೋನಿನಲ್ಲಿ ಬಂದ ಪಟ್ಟಿಯನ್ನು ಎತ್ತಿ ತೋರಿಸಿ, ಆಮೇಲೆ ತಮ್ಮನ ಸೊಂಟದ ಕಡೆ ನೋಡಿದರು. "ಒಡಹುಟ್ಟಿದೋರದ್ದು ಚೆನ್ನಾಗಿ ಹೊಂದುತ್ತಂತೆ. ನಾನು ಬಾಯಿಬಿಟ್ಟು ಕೇಳೋನಲ್ಲ. ಆದ್ರೆ ತಮ್ಮ ಅಂತ ಇರೋದು ಇಂಥ ಹೊತ್ತಿಗೇ ಅಲ್ವಾ? ನೀನು ಸಿಗರೇಟು ಗಿಗರೇಟು ಸೇದಲ್ಲ ತಾನೆ?"

ತಮ್ಮ ಪಾಪದವನು. "ಅಣ್ಣಾ, ನಿನಗಿಂತ ಹೆಚ್ಚಾ" ಎಂದು ಕಣ್ಣು ಒರೆಸಿಕೊಂಡ. ಅವನು ಅಂಗಿಯ ಮೇಲೇ ಸೊಂಟ ಮುಟ್ಟಿ ನೋಡಿಕೊಂಡದ್ದನ್ನು ಕಂಡು ಗೆರೆಯಮ್ಮನಿಗೆ ಒಂದು ಕಡೆ ನಗು, ಒಂದು ಕಡೆ ಮೈಯೆಲ್ಲ ಉರಿ.

"ಭಾವ, ಆ ಪಟ್ಟಿ ಸ್ವಲ್ಪ ಕೊಡಿ," ಎಂದಳು.

ಪಟ್ಟಿಯಲ್ಲಿ ಯೂರಿಯಾ ಎಂದಿತ್ತು, ಎದುರಿಗೆ ಅಡ್ಡಗೀಟು. ಕ್ರಿಯಾಟಿನಿನ್ 5.1, ಕೆಂಪಕ್ಷರದಲ್ಲಿ. ಯೂರಿಕ್ ಆಸಿಡ್, ಅಡ್ಡಗೀಟು. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಮೂರಕ್ಕೂ ಅಡ್ಡಗೀಟು.

"ಆರು ಪರೀಕ್ಷೆ ಬರೆದು ಒಂದಕ್ಕೇ ಅಂಕಿ ಕೊಟ್ಟಿದ್ದಾರಲ್ಲ, ಮಿಕ್ಕಿದ್ದನ್ನ ಲ್ಯಾಬಿನವರು ಮಾಡಲೇ ಇಲ್ವಾ? ಮೂಲ ರಿಪೋರ್ಟ್ ಎಲ್ಲಿ?"

"ಕಂಪ್ಯೂಟರೇ ಹೇಳಿದ್ಮೇಲೆ ಮೂಲ ಯಾಕಮ್ಮ? ನೀನು ನನ್ನ ಕಾಯಿಲೇಲೂ ತಪ್ಪು ಹುಡುಕ್ತೀಯಲ್ಲ."

"ನೀವು ಮೂವತ್ತು ವರ್ಷ ಅದನ್ನೇ ಮಾಡಿದ್ದು ಭಾವ. ಒಂದು ದಿನ ನಾನು ಮಾಡ್ತೀನಿ."

ಕೊಡಲು ಅವರಿಗೆ ಮನಸ್ಸಿರಲಿಲ್ಲ. ವಾರಗಿತ್ತಿಯೇ ಫೈಲು ತೆರೆದು ಕಾಗದ ತೆಗೆದು ಅವಳ ಕೈಗಿಟ್ಟಳು. ಗೆರೆಯಮ್ಮ ಕಿಟಕಿಯ ಹತ್ತಿರ ಹೋಗಿ, ಫೈಲಿನ ರಟ್ಟಿನ ಅಂಚನ್ನು ಕಾಗದದ ಮೇಲೆ ಅಡ್ಡ ಇಟ್ಟು, ಒಂದೊಂದೇ ಸಾಲು ಕೆಳಗಿಳಿಸುತ್ತ ಗಟ್ಟಿಯಾಗಿ ಓದಿದಳು.

"ಯೂರಿಯಾ ಇಪ್ಪತ್ತೆಂಟು, ಮಿತಿ ಹದಿನೈದರಿಂದ ನಲವತ್ತು. ಸರಿ ಇದೆ. ಕ್ರಿಯಾಟಿನಿನ್ ಸೊನ್ನೆ ಪಾಯಿಂಟ್ ಒಂಬತ್ತು, ಮಿತಿ ಸೊನ್ನೆ ಪಾಯಿಂಟ್ ಏಳರಿಂದ ಒಂದು ಪಾಯಿಂಟ್ ಮೂರು. ಸರಿ ಇದೆ. ಯೂರಿಕ್ ಆಸಿಡ್ ಐದು ಪಾಯಿಂಟ್ ಒಂದು, ಮಿತಿ ಮೂರೂವರೆಯಿಂದ ಏಳು ಪಾಯಿಂಟ್ ಎರಡು. ಇಗೋ ನಿಮ್ಮ ಐದು ಪಾಯಿಂಟ್ ಒಂದು ಇಲ್ಲಿದೆ ಭಾವ. ಇದು ಕ್ರಿಯಾಟಿನಿನ್ ಅಲ್ಲ, ಯೂರಿಕ್ ಆಸಿಡ್. ಅದೂ ಮಿತಿಯೊಳಗೇ ಇದೆ. ಸೋಡಿಯಂ ನೂರಾ ಮೂವತ್ತೊಂಬತ್ತು, ಪೊಟ್ಯಾಸಿಯಂ ನಾಲ್ಕು ಪಾಯಿಂಟ್ ನಾಲ್ಕು, ಕ್ಲೋರೈಡ್ ನೂರಾ ಎರಡು. ಎಲ್ಲಾ ಸರಿ ಇದೆ. ನಿಮಗೇನೂ ಆಗಿಲ್ಲ."

ವಾರಗಿತ್ತಿ "ಅಬ್ಬಾ" ಎಂದು ನೆಲದ ಮೇಲೇ ಕೂತುಬಿಟ್ಟಳು. ತಮ್ಮ ಸೊಂಟದಿಂದ ಕೈ ತೆಗೆದ. ಭಾವನವರ ಮುಖದಲ್ಲಿ ಮಾತ್ರ, ಕೈಗೆ ಬಂದ ಪ್ರಶಸ್ತಿಯನ್ನು ವೇದಿಕೆಯ ಮೇಲೇ ಕಿತ್ತುಕೊಂಡರೆ ಆಗುವಂಥ ನೋವು ಕಂಡಿತು.

"ಅದು ಹೇಗೆ? ಯಂತ್ರ ಸುಳ್ಳು ಹೇಳುತ್ತಾ?"

"ಯಂತ್ರ ಸುಳ್ಳು ಹೇಳಲ್ಲ. ಅದಕ್ಕೆ ಅಡ್ಡ ಓದೋಕೆ ಬರಲ್ಲ, ಉದ್ದ ಓದುತ್ತೆ," ಎಂದಳು ಗೆರೆಯಮ್ಮ. ಹೇಳುತ್ತ ಹೇಳುತ್ತಲೇ ಅವಳಿಗೂ ಅರ್ಥವಾಗುತ್ತಿತ್ತು. ಲ್ಯಾಬಿನವರು ಇತ್ತೀಚೆಗೆ ತಮ್ಮ ಕಾಗದದ ರೂಪ ಬದಲಿಸಿದ್ದರು. ಹೆಸರುಗಳ ಸಾಲಿನ ತಲೆಯ ಮೇಲೆ "ಕಿಡ್ನಿ ಪರೀಕ್ಷೆಗಳು" ಎಂದು ಹೊಸದಾಗಿ ಒಂದು ಶೀರ್ಷಿಕೆ ಹಾಕಿದ್ದರು. ತಂತ್ರಾಂಶ ಎಡಗಡೆಯ ಹೆಸರುಗಳನ್ನೆಲ್ಲ ಮೇಲಿಂದ ಕೆಳಕ್ಕೆ ಎತ್ತಿಕೊಂಡಿತ್ತು, ಅಂಕಿಗಳನ್ನು ಬೇರೆಯಾಗಿ ಎತ್ತಿಕೊಂಡಿತ್ತು, ಆಮೇಲೆ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಗಂಟುಹಾಕಿತ್ತು. ಶೀರ್ಷಿಕೆಯನ್ನೂ ಒಂದು ಪರೀಕ್ಷೆಯೆಂದು ಎಣಿಸಿದ್ದರಿಂದ ಯೂರಿಯಾದ ಅಂಕಿ ಅದರ ಪಾಲಾಗಿ ಪಟ್ಟಿಯಿಂದಲೇ ಮಾಯವಾಗಿ, ಉಳಿದವೆಲ್ಲ ಒಂದೊಂದು ಮನೆ ಮೇಲಕ್ಕೆ ಜಾರಿದ್ದವು.

ಹಾಗಿದ್ದರೆ ಸೋಡಿಯಂ ಎದುರಿಗೆ 4.4 ಇರಬೇಕಿತ್ತು, ಪೊಟ್ಯಾಸಿಯಂ ಎದುರಿಗೆ 102 ಇರಬೇಕಿತ್ತು. ಪೊಟ್ಯಾಸಿಯಂ ನೂರೆರಡು ಇರುವವನು ಶಾಲು ಹೊದ್ದು ಕೂರುವುದಿಲ್ಲ, ಅವನಿಗೆ ಬೇರೆಯವರು ಹೊದಿಸಿರುತ್ತಾರೆ. ಆ ಅಂಕಿಗಳ ಜಾಗದಲ್ಲಿ ಅಡ್ಡಗೀಟು ಯಾಕೆ ಎಂದು ಯೋಚಿಸುತ್ತಿದ್ದಂತೆ ಅವಳಿಗೆ ಮೀಟಿಂಗಿನಲ್ಲಿ ಸುಧಾರಕ ಹೆಮ್ಮೆಯಿಂದ ಹೇಳಿದ್ದು ನೆನಪಾಯಿತು. ಅಸಾಧ್ಯವಾದ ಅಂಕಿ ಬಂದರೆ ಯಂತ್ರ ಅದನ್ನು ತಾನೇ ಅಳಿಸಿ ಹಾಕುತ್ತದೆ, ಡಾಕ್ಟರಿಗೆ ಕಿರಿಕಿರಿಯಿಲ್ಲ.

ಕಳ್ಳನೂ ತಾನೇ, ಹೆಜ್ಜೆಗುರುತು ಅಳಿಸುವವನೂ ತಾನೇ.

ಭಾವನವರ ರಿಪೋರ್ಟಿನಲ್ಲಿ ಅಳಿಸಿಹೋದದ್ದು ಒಳ್ಳೆಯ ಅಂಕಿಗಳು. ಬೇರೆ ಯಾರದೋ ರಿಪೋರ್ಟಿನಲ್ಲಿ ಕೆಟ್ಟ ಅಂಕಿ ಅಳಿಸಿಹೋಗಿದ್ದರೆ? ಆಗ ಕೆಂಪಕ್ಷರವೂ ಇಲ್ಲ, ಸಂಜೆ ಐದರ ಸಭೆಯೂ ಇಲ್ಲ. ಒಂದು ಅಡ್ಡಗೀಟು, ಅಷ್ಟೆ.

ಅಲ್ಲಿಂದಲೇ ಸುಧಾರಕನಿಗೆ ಫೋನು ಮಾಡಿದಳು. ಅವನು ತೆಗೆಯಲಿಲ್ಲ. ದೊಡ್ಡ ಡಾಕ್ಟರ ಫೋನು ಸ್ವಿಚ್ ಆಫ್ ಆಗಿತ್ತು. ಕ್ಲಿನಿಕ್ಕಿನ ಬಾಗಿಲು ಹಾಕಿ ಅರ್ಧ ಗಂಟೆಯಾಗಿತ್ತು. ಅವಳ ಬೆನ್ನ ಹಿಂದೆ "ಒಂದು ವಾರ ಉಪ್ಪಿಲ್ಲದೆ ತಿಂದೆನಲ್ಲಾ" ಎಂದು ಭಾವನವರು ಹೆಂಡತಿಯನ್ನು ಗದರುತ್ತಿದ್ದರು. ರಿಪೋರ್ಟು ಬಂದು ನಾಲ್ಕು ಗಂಟೆಯೂ ಆಗಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಕಸ ಗುಡಿಸುವವಳು ಬಾಗಿಲು ತೆರೆಯುವಾಗ ಗೆರೆಯಮ್ಮ ಮೆಟ್ಟಿಲ ಮೇಲಿದ್ದಳು. ಕೌಂಟರಿನ ಫೋನು ಕೈಗೆತ್ತಿಕೊಂಡು, ಆ ಲ್ಯಾಬಿನ ಹೊಸ ರೂಪದ ಕಾಗದಗಳನ್ನು ಮಾತ್ರ ಹೆಕ್ಕಿದಳು. ಹದಿನೇಳು ದಿನಗಳಲ್ಲಿ ನಲವತ್ತೊಂದು ಬಂದಿದ್ದವು. ಹೊಸದರಿಂದ ಹಳೆಯದಕ್ಕೆ ಹೋಗುವುದೆಂದು ನಿಶ್ಚಯಿಸಿ, ಟೋಕನ್ ಚೀಟಿಯ ಕಟ್ಟನ್ನೇ ಅಡ್ಡಪಟ್ಟಿ ಮಾಡಿಕೊಂಡು ಸಾಲು ಸಾಲಾಗಿ ಓದಿದಳು. ಮೊದಲನೆಯದು ಭಾವನವರದ್ದೇ, ದಾಟಿದಳು. ಎರಡನೆಯದರಲ್ಲಿ ಎಲ್ಲಾ ಸರಿ. ಮೂರನೆಯದರಲ್ಲಿ ಯೂರಿಯಾ ತುಸು ಹೆಚ್ಚು, ಗುರುತು ಹಾಕಿಕೊಂಡಳು. ಆರನೆಯದು ಓರೆ ಫೋಟೋ. ಅದನ್ನು ತಿರುಗಿಸಿ, ಹಿಗ್ಗಿಸಿ, ಚೀಟಿ ಇಟ್ಟಳು.

ಪೊಟ್ಯಾಸಿಯಂ 6.8. ಮಿತಿ 3.5ರಿಂದ 5.1.

ಚೀಟಿ ತೆಗೆದು ಮತ್ತೆ ಇಟ್ಟಳು. ಮತ್ತೆ 6.8. ಅದರ ಮೇಲಿನ ಸಾಲು ಸೋಡಿಯಂ 136, ಕೆಳಗಿನದು ಕ್ಲೋರೈಡ್ 103. ಸಾಲು ತಪ್ಪಿರಲಿಲ್ಲ.

ಅದು ದರ್ಜಿಯಮ್ಮನದು. ಶಾಲೆಯ ಸಮವಸ್ತ್ರ ಹೊಲಿಯುವ ಹೆಂಗಸು, ನಾಲ್ಕು ವರ್ಷದಿಂದ ಕಿಡ್ನಿಯ ತೊಂದರೆ, ಇನ್ನೂ ಡಯಾಲಿಸಿಸ್ ತನಕ ಬಂದಿರಲಿಲ್ಲ. ಫೋಟೋ ಬಂದದ್ದು ಹಿಂದಿನ ದಿನ ಬೆಳಿಗ್ಗೆ. ತಂತ್ರಾಂಶದ ಪಟ್ಟಿ ತೆರೆದು ನೋಡಿದಳು. ಕ್ರಿಯಾಟಿನಿನ್ 4.9, ಉಳಿದದ್ದೆಲ್ಲ ಅಡ್ಡಗೀಟು. ಆ 4.9 ಕೂಡ ನಿಜವಾಗಿ ಯೂರಿಕ್ ಆಸಿಡ್ಡಿನದು. ಆದರೆ ಹೋದ ತಿಂಗಳ ಕ್ರಿಯಾಟಿನಿನ್ 4.7 ಇದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಕೆಳಗೆ ದೊಡ್ಡ ಡಾಕ್ಟರು ತಮ್ಮ ಹೆಸರಿನ ಗುರುತು ಹಾಕಿ ಬರೆದಿದ್ದರು: ಹಿಂದಿನಂತೆಯೇ ಇದೆ, ಮುಂದಿನ ತಿಂಗಳು ಬರಲಿ.

ಮುಂದಿನ ತಿಂಗಳು! ಹನ್ನೊಂದು ವರ್ಷದಲ್ಲಿ ಗೆರೆಯಮ್ಮನಿಗೆ ಡಾಕ್ಟರಿಕೆ ಬಂದಿರಲಿಲ್ಲ. ಆದರೆ ಆರೂವರೆ ದಾಟಿದ ಪೊಟ್ಯಾಸಿಯಂ ಟೈಪು ಮಾಡಿದಾಗಲೆಲ್ಲ ನರ್ಸುಗಳು ಓಡಿದ್ದನ್ನು ಅವಳು ನೋಡಿದ್ದಳು. ಅದು ಹೃದಯದ ತಾಳ ತಪ್ಪಿಸುತ್ತದೆ, ಹೇಳದೆ ಕೇಳದೆ ನಿಲ್ಲಿಸಿಯೂ ಬಿಡುತ್ತದೆ.

ಫೈಲಿನಲ್ಲಿದ್ದ ನಂಬರಿಗೆ ಕರೆ ಮಾಡಿದಳು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಐದನೆಯ ಸಲಕ್ಕೆ ಒಬ್ಬ ಹುಡುಗಿಯ ದನಿ ಬಂತು, ದರ್ಜಿಯಮ್ಮನ ಮಗಳು. ಅವಳು ಟೀಚರು, ಫೈಲಿನಲ್ಲಿದ್ದ ನಂಬರು ಅವಳದ್ದು. ನಿನ್ನೆ ಲ್ಯಾಬಿನವರೂ ಎರಡು ಸಲ ಕರೆ ಮಾಡಿದ್ದರು, ಕ್ಲಾಸಿನಲ್ಲಿದ್ದೆ, ಆಮೇಲೆ ನಾನು ಮಾಡಿದರೆ ಅವರು ಎತ್ತಲಿಲ್ಲ ಎಂದಳು.

"ಅಮ್ಮ ಹೇಗಿದ್ದಾರೆ?"

"ಎರಡು ದಿನದಿಂದ ಕಾಲಲ್ಲಿ ಬಲ ಇಲ್ಲ ಅಂತಾರೆ. ಮಿಷನ್ ತುಳಿದೂ ತುಳಿದೂ ಹಾಗಾಗಿದೆ ಅಂತ ಅವರೇ ಹೇಳ್ಕೊಂಡ್ರು. ಈಗ ಕೂತು ಗುಂಡಿಯ ಕಾಜಾ ಹಾಕ್ತಿದ್ದಾರೆ."

"ಸೂಜಿ ಕೆಳಗಿಡೋಕೆ ಹೇಳಮ್ಮ. ಈಗಲೇ ಗಾಡಿ ಮಾಡ್ಕೊಂಡು ಕರ್ಕೊಂಡು ಬಾ. ನಡೆಸಬೇಡ. ತಡ ಮಾಡಬೇಡ."

ಅಷ್ಟರಲ್ಲಿ ಸುಧಾರಕ ಬಂದ. ಕೈಯಲ್ಲಿ ಸಂಖ್ಯೆ ಹಾಕಿದ ಲೋಟ ಇತ್ತು. ಕೌಂಟರಿನ ಮೇಲೆ ಹರಡಿದ್ದ ಚೀಟಿಗಳನ್ನೂ ಅವಳ ಕೈಯಲ್ಲಿದ್ದ ಫೋನನ್ನೂ ನೋಡಿ ಹುಬ್ಬು ಏರಿಸಿದ.

"ಮೇಡಂ, ರಿಪೋರ್ಟ್ ನೋಡೋದು ನಿಮ್ಮ ಕೆಲಸ ಅಲ್ಲ."

"ಹೌದು. ನೋಡೋದು ಯಾರ ಕೆಲಸ ಅಂತ ಹುಡುಕ್ತಾ ಇದ್ದೀನಿ, ಯಾರೂ ಸಿಗ್ತಿಲ್ಲ. ಈಕೆಯ ಪೊಟ್ಯಾಸಿಯಂ ಆರು ಪಾಯಿಂಟ್ ಎಂಟಿದೆ."

ಅವನು ತನ್ನ ಪರದೆ ತೆರೆದು ನೋಡಿದ. "ಸಿಸ್ಟಂನಲ್ಲಿ ಹಾಗೇನೂ ತೋರಿಸ್ತಿಲ್ಲವಲ್ಲ."

"ಕಣ್ಣು ಮುಚ್ಚಿಕೊಂಡ ಬೆಕ್ಕಿಗೂ ಏನೂ ಕಾಣಿಸಲ್ಲ."

"ನೋಡಿ, ಇದಕ್ಕೊಂದು ಕ್ರಮ ಇದೆ. ದೂರು ನಮೂನೆ ತುಂಬಿ ಕೊಡಿ, ಮೂರು ಕೆಲಸದ ದಿನಗಳಲ್ಲಿ…"

ಮುಂದಿನದು ಅವಳು ಕೇಳಿಸಿಕೊಳ್ಳಲಿಲ್ಲ. ಫೋನನ್ನು ಚಾರ್ಜರಿನಿಂದ ಕಿತ್ತು, ಆಗತಾನೆ ಒಳಗೆ ಬಂದು ಕೋಟು ತೊಡುತ್ತಿದ್ದ ದೊಡ್ಡ ಡಾಕ್ಟರ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದಳು. ಫೋಟೋವನ್ನು ಮೇಜಿನ ಮೇಲಿಟ್ಟು, ಚೀಟಿಯನ್ನು ಆ ಸಾಲಿನ ಕೆಳಗೆ ಹಿಡಿದಳು.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು. ಒಂದು ತೋಳು ಕೋಟಿನ ಒಳಗೆ, ಒಂದು ಹೊರಗೆ.

"ಇದು ನಿನ್ನೆಯದಾ? ನಾನು ನೋಡಿದಾಗ ಪೊಟ್ಯಾಸಿಯಂ ಖಾಲಿ ಇತ್ತು. ಮಾಡಿಸಿಲ್ಲ ಅಂದ್ಕೊಂಡೆ."

"ಖಾಲಿ ಇದ್ರೆ ಯಾಕೆ ಖಾಲಿ ಅಂತ ಕೇಳಬೇಕಿತ್ತು ಸಾರ್. ನಾನು ಟೈಪು ಮಾಡ್ತಿದ್ದಾಗ ಒಂದು ಚುಕ್ಕೆ ಬಿಟ್ರೆ ಕೂಗ್ತಿದ್ರಿ. ಯಂತ್ರ ಐದು ಮನೆ ಖಾಲಿ ಬಿಟ್ರೂ ಸುಮ್ಮನಿದ್ರಿ."

ಡಾಕ್ಟರು ಸಿಸ್ಟರನ್ನು ಕೂಗಿ ಇಸಿಜಿ ಯಂತ್ರ ತರಿಸಿದರು. ಪಕ್ಕದ ಬೀದಿಯ ಆಸ್ಪತ್ರೆಗೆ ಫೋನು ಮಾಡಿ ಹಾಸಿಗೆ ಹಿಡಿಸಿದರು, ಬೇಕಾದರೆ ಡಯಾಲಿಸಿಸ್ಸಿಗೂ ತಯಾರಿರಲಿ ಎಂದರು.

ದರ್ಜಿಯಮ್ಮ ಇಪ್ಪತ್ತು ನಿಮಿಷದಲ್ಲಿ ಬಂದಳು. ಕೊರಳಿಗೆ ಇನ್ನೂ ಅಳತೆಯ ಟೇಪು ಜೋತಾಡುತ್ತಿತ್ತು. ಬಯ್ಯುತ್ತಲೇ ಬಂದಳು. "ನಿನ್ನೆ ಹಿಂದಿನಂತೇ ಇದೆ, ಮುಂದಿನ ತಿಂಗಳು ಬನ್ನಿ ಅಂತ ಮೆಸೇಜು ಕಳಿಸ್ತೀರ, ಇವತ್ತು ಎಬ್ಬಿಸಿ ಕರೆಸ್ತೀರ. ಐವತ್ತು ಜೊತೆ ಸಮವಸ್ತ್ರ ನಾಡಿದ್ದಿಗೆ ಕೊಡಬೇಕು. ನೀವು ಬಂದು ಗುಂಡಿ ಹಚ್ಚಿಕೊಡ್ತೀರಾ?" ಎಂದು ಕೇಳುತ್ತ ಮಂಚ ಹತ್ತಲು ಹೋದವಳಿಗೆ ಕಾಲು ಎತ್ತಲಾಗಲಿಲ್ಲ. ಆಗ ಬಯ್ಗುಳ ನಿಂತಿತು. ಮಗಳೂ ಗೆರೆಯಮ್ಮನೂ ಎರಡು ಕಡೆ ಹಿಡಿದು ಮಲಗಿಸಿದರು.

ಇಸಿಜಿಯ ಪಟ್ಟಿ ಹೊರಗೆ ಬಂತು. ದುಂಡಗೆ ಇರಬೇಕಾದ ಅಲೆಗಳು ಗುಡಾರದಂತೆ ಚೂಪಾಗಿ ಎದ್ದು ನಿಂತಿದ್ದವು. ಡಾಕ್ಟರು ಒಮ್ಮೆ ನೋಡಿ, ಮತ್ತೆ ರಕ್ತ ತೆಗೆಯಲು ಹೇಳಿದರು, ಆದರೆ ಅದರ ಫಲಿತಾಂಶಕ್ಕೆ ಕಾಯಲಿಲ್ಲ. ಹೃದಯವನ್ನು ಕಾಯಲು ಕ್ಯಾಲ್ಸಿಯಂ ನಿಧಾನವಾಗಿ ನರಕ್ಕೆ ಏರಿತು. ಆಮೇಲೆ ಗ್ಲೂಕೋಸಿನ ಜೊತೆ ಇನ್ಸುಲಿನ್, ರಕ್ತದಲ್ಲಿನ ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಸರಿಯಲೆಂದು. ಮತ್ತೊಂದು ಇಸಿಜಿ ತೆಗೆದಾಗ ಗುಡಾರಗಳು ಕುಸಿದಿದ್ದವು. ಆಂಬುಲೆನ್ಸು ಬಂದು ಅವಳನ್ನು ಆಸ್ಪತ್ರೆಗೆ ಒಯ್ದಿತು.

ಹೊರಡುವ ಮುಂಚೆ ಡಾಕ್ಟರು, "ಊಟದಲ್ಲಿ ಏನಾದ್ರೂ ಹೊಸದು?" ಎಂದು ಕೇಳಿದರು.

"ಏನಿಲ್ಲ ಸಾರ್. ಉಪ್ಪು ಒಳ್ಳೇದಲ್ಲ ಅಂತ ಪಕ್ಕದ ಮನೆಯೋರು ಯಾವುದೋ ಆರೋಗ್ಯದ ಉಪ್ಪು ತಂದುಕೊಟ್ರು. ಎರಡು ವಾರದಿಂದ ಅದನ್ನೇ ಹಾಕ್ತೀನಿ."

ಡಾಕ್ಟರು ಹಣೆ ಒತ್ತಿಕೊಂಡರು. ಆ ಬದಲಿ ಉಪ್ಪಿನಲ್ಲಿ ಸೋಡಿಯಂ ತೆಗೆದು ಪೊಟ್ಯಾಸಿಯಂ ತುಂಬಿರುತ್ತಾರೆ, ಕೆಟ್ಟ ಕಿಡ್ನಿಗೆ ಅದು ವಿಷ. ಪುಕ್ಕಟೆ ಸಲಹೆ ಕೊಡುವವರ ಮನೆ ಯಾವಾಗಲೂ ಪಕ್ಕದಲ್ಲೇ ಇರುತ್ತದೆ.

ಉಳಿದ ಮೂವತ್ತೈದು ರಿಪೋರ್ಟುಗಳನ್ನು ಗೆರೆಯಮ್ಮ ಮಧ್ಯಾಹ್ನದೊಳಗೆ ಮುಗಿಸಿದಳು. ಮತ್ತೆ ಮೂವರನ್ನು ಕರೆಸಬೇಕಾಯಿತು. ಪ್ರಾಣದ ಮೇಲೆ ಬಂದದ್ದಲ್ಲ, ಆದರೆ ಮದ್ದಿನ ಪ್ರಮಾಣ ಬದಲಿಸುವಂಥದ್ದು. ಇಬ್ಬರು ಭಾವನವರಂತೆಯೇ ಸುಮ್ಮನೆ ಹೆದರಿ ಕೂತಿದ್ದರು. ಅವರಿಗೂ ಫೋನು ಮಾಡಿ ಅಂಕಿಗಳನ್ನು ಮಿತಿಯ ಸಮೇತ ಓದಿ ಹೇಳಿದಳು.

ನಾಲ್ಕು ಗಂಟೆಗೆ ಮೀಟಿಂಗು ಸೇರಿತು. ಸುಧಾರಕ ಮೊದಲೇ ಎದ್ದು ನಿಂತು, ತಾಂತ್ರಿಕವಾಗಿ ನೋಡಿದರೆ ಯಂತ್ರ ತಪ್ಪು ಅಂಕಿ ಕೊಟ್ಟಿಲ್ಲ, ಖಾಲಿ ಬಿಟ್ಟಿದೆ, ಖಾಲಿ ಬಿಡುವುದು ತಪ್ಪಲ್ಲ, ಎಂದ.

"ಸರಿ ಬಿಡಿ," ಎಂದಳು ಗೆರೆಯಮ್ಮ. "ಈ ತಿಂಗಳು ನಿಮ್ಮ ಸಂಬಳದ ಚೀಟೀಲಿ ಅಂಕಿಯ ಜಾಗ ಖಾಲಿ ಬಿಡೋಣ. ತಾಂತ್ರಿಕವಾಗಿ ತಪ್ಪಲ್ಲ."

ನರ್ಸುಗಳು ನಕ್ಕರು. ಸುಧಾರಕ ನಗಲಿಲ್ಲ. ದೊಡ್ಡ ಡಾಕ್ಟರೂ ನಗಲಿಲ್ಲ. ಅವರು ಎದ್ದು, ಎಲ್ಲರ ಎದುರಿಗೆ, "ಖಾಲಿ ಮನೆ ನೋಡಿ ಸಹಿ ಹಾಕಿದ್ದು ನಾನು. ಅದು ನನ್ನ ತಪ್ಪು" ಎಂದರು. ದೊಡ್ಡವರ ಬಾಯಿಂದ ಅಂಥ ಮಾತು ಬಂದದ್ದನ್ನು ಗೆರೆಯಮ್ಮ ಅಲ್ಲಿಯವರೆಗೆ ಕೇಳಿರಲಿಲ್ಲ. ಅವರ ಮೇಲೆ ಇಟ್ಟುಕೊಂಡಿದ್ದ ತಿರಸ್ಕಾರದಲ್ಲಿ ಕಾಲು ಭಾಗವನ್ನು ಅಂದೇ ವಜಾ ಮಾಡಿದಳು. ಮುಕ್ಕಾಲು ಉಳಿಸಿಕೊಂಡಳು.

ಡಾಕ್ಟರ ಆದೇಶ ಮಾರನೆಯ ದಿನ ಬಂತು. ಇನ್ನು ಮುಂದೆ ಪಟ್ಟಿಯಲ್ಲಿ ನಾಲ್ಕೂ ಕಾಲಮ್ಮು ಇರಬೇಕು, ಪಕ್ಕದಲ್ಲಿ ಮೂಲ ಫೋಟೋ ಕಾಣಬೇಕು, ಅಸಾಧ್ಯ ಅಂಕಿ ಬಂದರೆ ಅಳಿಸದೆ ಎತ್ತಿ ತೋರಿಸಬೇಕು, ಒಬ್ಬ ಮನುಷ್ಯ ಸಾಲು ಸಾಲಾಗಿ ನೋಡಿ ಒಪ್ಪಿದ ಮೇಲೆಯೇ ರೋಗಿಗೆ ಹೋಗಬೇಕು. ಗೆರೆಯಮ್ಮ ಹಳೆಯ ಕುರ್ಚಿಗೆ ಮರಳಿದಳು. ಇದಾದ ವಾರಕ್ಕೆ ಸುಧಾರಕ ಒಂದು ಸುತ್ತೋಲೆ ಹೊರಡಿಸಿ, ಮಾನವ ಸಹಯೋಗದ ಎರಡನೇ ಹಂತದ ಸುಧಾರಣೆಯನ್ನು ಯೋಜನೆಯಂತೆ ಜಾರಿಗೆ ತರಲಾಗಿದೆ ಎಂದು ಬರೆದ. ಅದಕ್ಕೆ ಅವಳ ಸಹಿಯೂ ಬೇಕಿತ್ತು. ಅವಳು ಸಹಿಯ ಜಾಗದಲ್ಲಿ ನೀಟಾಗಿ ಒಂದು ಅಡ್ಡಗೀಟು ಎಳೆದು ವಾಪಸು ಕಳಿಸಿದಳು.

ಭಾವನವರು ಅಷ್ಟು ಸುಲಭದಲ್ಲಿ ವಾಸಿಯಾಗಲಿಲ್ಲ. ಮುಂದಿನ ಭಾನುವಾರ ಮನೆಗೆ ಬಂದವರ ಮುಂದೆ, "ನನ್ನ ರಿಪೋರ್ಟಿನಿಂದಲೇ ಒಂದು ಜೀವ ಉಳೀತು" ಎಂದು ಹೇಳಿಕೊಂಡರು. "ನನಗೆ ಮೊದಲೇ ಅನುಮಾನ ಇತ್ತು. ಅದಕ್ಕೇ ಎಲ್ಲರನ್ನೂ ಕರೆಸಿದ್ದು. ತನಿಖೆ ಅಂದ್ರೆ ಸುಮ್ಮನೆ ಅಲ್ಲ." ಮೂಲೆಯಲ್ಲಿ ಕೂತಿದ್ದ ತಮ್ಮ ಅದಕ್ಕೂ ತಲೆ ಆಡಿಸಿದ. ವಾರಗಿತ್ತಿ ಮಾತ್ರ ಗೆರೆಯಮ್ಮನ ಕಡೆ ತಿರುಗಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ದರ್ಜಿಯಮ್ಮ ಆರನೆಯ ದಿನ ಆಸ್ಪತ್ರೆಯಿಂದ ಬಿಡುಗಡೆಯಾದಳು. ಸಮವಸ್ತ್ರಗಳು ತಡವಾದದ್ದಕ್ಕೆ ಶಾಲೆಯವರು ಕೂಗಾಡಿದರಂತೆ. ಹತ್ತನೆಯ ದಿನ ರಕ್ತ ಕೊಟ್ಟು ಫೋಟೋ ಕಳಿಸಿದಳು. ಎಂದಿನಂತೆ ಓರೆ ಫೋಟೋ. ಜೊತೆಗೆ ಮಗಳ ಕೈಯಲ್ಲಿ ಬರೆಸಿದ ಒಂದು ಸಾಲು ಇತ್ತು: "ಸರಿಯಾಗಿ ನೋಡಿ ಹೇಳಿ, ನನಗೆ ದಿನಾ ಬರೋಕೆ ಪುರುಸೊತ್ತಿಲ್ಲ."

ಗೆರೆಯಮ್ಮ ಫೋಟೋವನ್ನು ನೆಟ್ಟಗೆ ಮಾಡಿ ಓದಿದಳು. ಆಮೇಲೆ ಡಾಕ್ಟರಿಗೆ ತೋರಿಸಿ ಬಂದು, ತಾನೇ ಫೋನು ಮಾಡಿ, "ಪೊಟ್ಯಾಸಿಯಂ ನಾಲ್ಕು ಪಾಯಿಂಟ್ ಎಂಟು, ಮಿತಿಯೊಳಗೇ ಇದೆ, ಡಾಕ್ಟರೂ ನೋಡಿದ್ರು, ಆ ಉಪ್ಪಿನ ಡಬ್ಬ ಬಿಸಾಕಿದ್ದೀರಿ ತಾನೆ?" ಎಂದು ಕೇಳಿದಳು.

"ಪಕ್ಕದ ಮನೆಯೋರಿಗೇ ವಾಪಸ್ ಕೊಟ್ಟೆ," ಎಂದಳು ದರ್ಜಿಯಮ್ಮ. "ಅವರ ಆರೋಗ್ಯ ಅವರೇ ನೋಡ್ಕೊಳ್ಳಲಿ." ಹಿಂದಿನಿಂದ ಹೊಲಿಗೆ ಮಿಷನ್ನಿನ ಸದ್ದು ಶುರುವಾಗಿ, ಮಾತು ಕೇಳಿಸದಾಯಿತು.